ಗಮಕದ ಕ್ಲಾಸಿನಲ್ಲಿ ಪ್ರತಿಧ್ವನಿ, ಜೊತೆಗೆ ಕೂಗು

ಪ್ರಶ್ನೆ (ಮೈಸೂರು): ನಮ್ಮಮ್ಮ ಝೂಮಿನಲ್ಲಿ ಗಮಕ ಕಲಿಸುತ್ತಾರೆ. ನಾಲ್ಕು ಮಕ್ಕಳು ಎದುರಿಗೆ ಚಾಪೆ ಮೇಲೆ, ಆರು ಮಂದಿ ಅಮೆರಿಕದಲ್ಲಿ. ಲ್ಯಾಪ್‌ಟಾಪ್, ಯುಎಸ್‌ಬಿ ಮೈಕ್, ಬ್ಲೂಟೂತ್ ಸ್ಪೀಕರ್ ಇದೆ. ಅಲ್ಲಿಯವರಿಗೆ ತಮ್ಮ ದನಿಯೇ ಅರೆಕ್ಷಣ ತಡೆದು ವಾಪಸ್ ಕೇಳುತ್ತದಂತೆ. ನಮಗೆ ಮಾತ್ರ ಎಲ್ಲ ಚೆನ್ನಾಗಿದೆ. ಒಮ್ಮೊಮ್ಮೆ ಕುಂಯ್ ಅಂತ ಕಿವಿ ಸೀಳುವ ಕೂಗೂ ಬರುತ್ತದೆ. ಮೈಕ್ ಬದಲಿಸಬೇಕಾ?

ಶಿವಮೊಗ್ಗದ ಸದಸ್ಯ: ನೆಟ್ ನಿಧಾನ ಇರಬೇಕು ಸರ್. ರೂಟರ್ ಹತ್ತಿರ ಕೂತು ನೋಡಿ. ಸ್ಪೀಕರ್ ಸೌಂಡನ್ನೂ ಸ್ವಲ್ಪ ಇಳಿಸಿ.

ಸೌಂಡ್ ಎಂಜಿನಿಯರ್: ಸೌಂಡ್ ಇಳಿಸಿ ಅಂದದ್ದು ಸರಿ, ನೆಟ್ ಅಂದದ್ದು ತಪ್ಪು. ನೆಟ್ ನಿಧಾನವಾದರೆ ಪ್ರತಿಧ್ವನಿ ತಡವಾಗಿ ಬಂದೀತು, ಆದರೆ ಅದು ಹುಟ್ಟುವುದು ನೆಟ್‌ನಿಂದಲ್ಲ. ಯಾರಿಗೆ ತಮ್ಮ ದನಿ ವಾಪಸ್ ಕೇಳುತ್ತದೋ ಅವರ ಕಡೆ ಏನೂ ಕೆಟ್ಟಿರುವುದಿಲ್ಲ. ಅವರ ಮಾತು ನಿಮ್ಮ ಸ್ಪೀಕರಿನಿಂದ ಹೊರಟು ನಿಮ್ಮ ಮೈಕಿಗೆ ಬಿದ್ದು ತಿರುಗಿ ಹೋಗುತ್ತಿದೆ. ಅಲ್ಲಿಯವರು ಮಾತಾಡುವಾಗ ನೀವು ಮ್ಯೂಟ್ ಮಾಡಿ. ಪ್ರತಿಧ್ವನಿ ತಟ್ಟನೆ ನಿಂತರೆ ಅದು ನಿಮ್ಮ ಕೋಣೆಯದೇ. ಎರಡು ವಿಷಯ ಹೇಳಿ: Original sound for musicians ಹಾಕಿದ್ದೀರಾ? ಆ ಕೋಣೆಯಲ್ಲಿ ಬೇರೆ ಫೋನೂ ಕ್ಲಾಸಿಗೆ ಸೇರಿರುತ್ತದಾ?

ಪ್ರಶ್ನೆ ಕೇಳಿದವರು: ಎರಡೂ ಹೌದು! ಶ್ರುತಿಪೆಟ್ಟಿಗೆ ಅಲ್ಲಿಗೆ ಕೇಳುತ್ತಿರಲಿಲ್ಲ, ಅದಕ್ಕೆ ಮಗ ಅದನ್ನು ಆನ್ ಮಾಡಿಕೊಟ್ಟ. ಪುಸ್ತಕದ ಪುಟ ತೋರಿಸಲು ಅಮ್ಮನ ಫೋನೂ ಸೇರಿರುತ್ತದೆ. ಆದರೆ ಅದು ಮ್ಯೂಟ್‌ನಲ್ಲೇ ಇರುತ್ತದೆ.

ಸೌಂಡ್ ಎಂಜಿನಿಯರ್: ಹಾಗಾದರೆ ಕಳ್ಳರು ಒಬ್ಬರಲ್ಲ. ಮೊದಲು ಫೋನ್. ಮ್ಯೂಟ್ ಮಾಡಿದರೆ ಅದರ ಮೈಕ್ ಮಾತ್ರ ಮುಚ್ಚುತ್ತದೆ, ಸ್ಪೀಕರ್ ಹಾಡುತ್ತಲೇ ಇರುತ್ತದೆ. ಅದು ಲ್ಯಾಪ್‌ಟಾಪಿನ ಮೈಕಿಗೆ ಬೀಳುತ್ತದೆ. ಯಾರಾದರೂ ಕೈತಪ್ಪಿ ಅನ್‌ಮ್ಯೂಟ್ ಮಾಡಿದರಂತೂ ಎರಡು ಯಂತ್ರಗಳ ಮಧ್ಯೆ ಸದ್ದು ಸುತ್ತಿ ಸುತ್ತಿ ಬೆಳೆದು ಆ ಕುಂಯ್ ಕೂಗಾಗುತ್ತದೆ. ಫೋನಿನಲ್ಲಿ Disconnect Audio ಒತ್ತಿ. ಚಿತ್ರ ಉಳಿಯುತ್ತದೆ, ಸದ್ದಿನ ಸಂಬಂಧವೇ ಕಡಿಯುತ್ತದೆ.

ಎರಡನೆಯದು ಮಗ ಮಾಡಿದ ಉಪಕಾರ. ಝೂಮ್ ತಾನು ಸ್ಪೀಕರಿಗೆ ಕಳಿಸಿದ ಸದ್ದನ್ನು ನೆನಪಿಟ್ಟುಕೊಂಡು, ಅದೇ ಮೈಕಿನಲ್ಲಿ ಬಂದಾಗ ಕಳೆದುಹಾಕುತ್ತದೆ. Original sound ಹಾಕಿದಾಗ ಈ ಕಳೆಯುವ ಕೆಲಸ ನಿಂತಿರಬಹುದು. ಝೂಮಿನ Settings ಒಳಗೆ Audio ನೋಡಿ, ಅಲ್ಲಿ Original sound ಕೆಳಗೇ Echo cancellation ಅಂತ ಇದೆ, ಅದಕ್ಕೆ ಟಿಕ್ ಇರಲಿ. ಟಿಕ್ ತೆಗೆಯುವುದು ಹೆಡ್‌ಫೋನ್ ಹಾಕಿಕೊಂಡವರಿಗೆ ಮಾತ್ರ.

ಇನ್ನು ಬ್ಲೂಟೂತ್ ಸ್ಪೀಕರ್. ಸದ್ದು ಅದಕ್ಕೆ ತಲುಪಿ ಹೊರಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ, ಆ ತಡವೂ ಒಂದೇ ಸಮನಾಗಿ ಇರುವುದಿಲ್ಲ. ಕಳೆಯಬೇಕಾದ ಲೆಕ್ಕ ತಪ್ಪುತ್ತದೆ. ತಂತಿಯ ಸ್ಪೀಕರ್ ಇದ್ದರೆ ಅದನ್ನೇ ಹಾಕಿ. ಝೂಮಿನ ಅದೇ Audio ಪುಟದಲ್ಲಿ Microphone ಅನ್ನುವ ಕಡೆ ಯುಎಸ್‌ಬಿ ಮೈಕಿನ ಹೆಸರೇ ಇದೆಯೇ ನೋಡಿ. ಎಷ್ಟೋ ಬ್ಲೂಟೂತ್ ಸ್ಪೀಕರುಗಳಲ್ಲಿ ಮೈಕೂ ಇರುತ್ತದೆ. ಕಂಪ್ಯೂಟರ್ ಅದನ್ನು ಆರಿಸಿಕೊಂಡಿದ್ದರೆ ಬಾಯಿಗೂ ಕಿವಿಗೂ ಅಂತರವೇ ಇಲ್ಲ.

ಹುಬ್ಬಳ್ಳಿಯ ಸದಸ್ಯೆ: ನಮ್ಮದೂ ಇದೇ ತೊಂದರೆ ನೋಡ್ರಿ. ಚಾರ್ಜರ್ ಹಾಕಿದರ ಗುಂಯ್ ಅಂತೈತಿ, ತೆಗೆದರ ನಿಲ್ತೈತಿ.

ಸೌಂಡ್ ಎಂಜಿನಿಯರ್: ಅಕ್ಕಾ, ನಿಮ್ಮದು ಬೇರೆ. ಅದು ಕರೆಂಟಿನಿಂದ ಬರುವ ಗುಂಯ್‌ಗಾಟ, ಬಹುಶಃ ಅರ್ಥಿಂಗ್. ಬೇರೆ ಪ್ರಶ್ನೆಯಾಗಿ ಹಾಕಿ.

ಮೈಸೂರಿನವರೇ, ಮೈಕ್ ಈಗ ಎಲ್ಲಿಟ್ಟಿದ್ದೀರಿ?

ಪ್ರಶ್ನೆ ಕೇಳಿದವರು: ಸ್ಟೂಲಿನ ಮೇಲೆ, ಅಮ್ಮನಿಂದ ಮೂರಡಿ. ಸ್ಪೀಕರ್ ಪಕ್ಕದಲ್ಲೇ. ಮಕ್ಕಳ ದನಿಯೂ ಸಿಗಲಿ ಅಂತ ಮೈಕಿನ ಸೌಂಡ್ ಪೂರ್ತಿ ಏರಿಸಿದ್ದೇವೆ.

ಸೌಂಡ್ ಎಂಜಿನಿಯರ್: ಅಲ್ಲೇ ಇದೆ ಗುಟ್ಟು. ಮೂರಡಿಯಿಂದ ಕೇಳಿಸಬೇಕು ಅಂತ ಏರಿಸಿದ ಮೈಕ್ ಸ್ಪೀಕರನ್ನೂ ಅಷ್ಟೇ ಆಸಕ್ತಿಯಿಂದ ಕೇಳುತ್ತದೆ. ಮೈಕ್ ಅಮ್ಮನ ಬಾಯಿಂದ ಒಂದು ಗೇಣಿಗೆ ಬರಲಿ. ಆಗ ಸೌಂಡ್ ಸಾಕಷ್ಟು ಇಳಿಸಬಹುದು. ವಿಂಡೋಸ್ ಆದರೆ `mmsys.cpl` ಓಡಿಸಿ, Recording ಒಳಗೆ ಮೈಕಿನ Properties ತೆರೆದು Levels ನೋಡಿ. Microphone Boost ಅಂತಿದ್ದರೆ ಸೊನ್ನೆಗೆ ತನ್ನಿ. ಪಕ್ಕದ Listen ಪುಟದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಅದು ಮೈಕಿನ ಸದ್ದನ್ನು ನೇರ ನಿಮ್ಮ ಸ್ಪೀಕರಿಗೇ ಬಿಡುತ್ತದೆ.

ಮೈಕ್ ಕಾರ್ಡಿಯಾಯ್ಡ್ ಬಗೆಯದಾದರೆ ಬೆನ್ನ ಹಿಂದಿನ ಸದ್ದು ಅದಕ್ಕೆ ತೀರಾ ಕಡಿಮೆ ಕೇಳುತ್ತದೆ. ಸ್ಪೀಕರನ್ನು ಐದಾರು ಅಡಿ ಆಚೆ, ಮೈಕಿನ ಬೆನ್ನಿಗೆ ನೇರವಾಗಿ ಇಡಿ. ಅಮ್ಮ ಮೈಕಿನ ಮುಖಕ್ಕೆ, ಮಕ್ಕಳು ಅಮ್ಮನ ಅಕ್ಕಪಕ್ಕ. ಎದುರಿಗೆ ಕೂತರೆ ಸ್ಪೀಕರಿನ ಜೊತೆ ಮಕ್ಕಳೂ ಮೈಕಿನ ಬೆನ್ನಿಗೆ ಬೀಳುತ್ತಾರೆ.

ಪ್ರಶ್ನೆ ಕೇಳಿದವರು (ಮೂರು ದಿನ ಕಳೆದು): ಕೂಗು ಪೂರ್ತಿ ನಿಂತಿತು, ಫೋನಿನದೇ ಅದು. ತಂತಿ ಸ್ಪೀಕರ್ ಹಾಕಿದ ಮೇಲೆ ಪ್ರತಿಧ್ವನಿಯೂ ಇಲ್ಲ. ಈಗ ಹೊಸ ತಕರಾರು: ಅಲ್ಲಿಯವರು ಹಾಡುವಾಗ ನಮ್ಮ ಶ್ರುತಿ ಮಧ್ಯೆ ಮಧ್ಯೆ ಮಾಯವಾಗುತ್ತದಂತೆ.

ಸೌಂಡ್ ಎಂಜಿನಿಯರ್: ಕಳೆಯುವಾಗ ಅವರ ದನಿಯ ಜೊತೆ ಶ್ರುತಿಯೂ ಕೊಚ್ಚಿಹೋಗುತ್ತದೆ. ಸ್ಪೀಕರ್ ಇರುವವರೆಗೆ ಇದು ಪೂರ್ತಿ ಹೋಗದು. ಅವರವರ ಮನೆಯಲ್ಲೇ ಶ್ರುತಿ ಹಾಕಿಕೊಳ್ಳಲಿ.

ಶಿವಮೊಗ್ಗದ ಸದಸ್ಯ: ಅಥವಾ ಅಮ್ಮನಿಗೊಂದು ಹೆಡ್‌ಫೋನ್.

ಪ್ರಶ್ನೆ ಕೇಳಿದವರು: ಹೇಳಿ ನೋಡಿದೆ. "ಕಿವಿ ಮುಚ್ಕೊಂಡು ಪಾಠ ಹೇಳ್ಲೇನೋ" ಅಂದರು.