ಎಸ್‌ಬಿಎ, ಕಾರ್ಪೆಟ್, ಯುಡಿಎಸ್, ಎಫ್‌ಎಸ್‌ಐ: ಫ್ಲ್ಯಾಟ್ ಜಾಹೀರಾತಿನ ಯಾವ ಅಂಕಿ ಏನು ಹೇಳುತ್ತದೆ?

ಕೇಳಿದವರು

ಬೆಂಗಳೂರಿನಲ್ಲಿ ಎರಡು ಹೊಸ ಫ್ಲ್ಯಾಟ್ ನೋಡಿದ್ದೇವೆ. ಒಂದರ ಜಾಹೀರಾತು: 2 ಬಿಎಚ್‌ಕೆ, ಎಸ್‌ಬಿಎ 1350, ಕಾರ್ಪೆಟ್ 918, ಯುಡಿಎಸ್ 540, ಚದರಡಿಗೆ ₹6,800. ಇನ್ನೊಂದು: 2 ಬಿಎಚ್‌ಕೆ, ಎಸ್‌ಬಿಎ 1250, ಕಾರ್ಪೆಟ್ 925, ಯುಡಿಎಸ್ 330, ಚದರಡಿಗೆ ₹7,200. ಎರಡರಲ್ಲೂ ಎಫ್‌ಎಸ್‌ಐ 2.25 ಎಂದಿದೆ. ಮೊದಲನೆಯದೇ ದೊಡ್ಡದು, ಅಗ್ಗವೂ ಹೌದು ಎಂದು ಮನೆಯವರು ಹೇಳುತ್ತಿದ್ದಾರೆ. ಯಾವ ಅಂಕಿಯನ್ನು ನೆಚ್ಚಿಕೊಳ್ಳಬೇಕು?

ಮೌಲ್ಯಮಾಪನದ ಕೆಲಸದಲ್ಲಿರುವವರು

ಮೇಡಂ, ಎಸ್‌ಬಿಎ ಎಂದರೆ ಸೂಪರ್ ಬಿಲ್ಟ್‌ಅಪ್ ಏರಿಯಾ. ನಿಮ್ಮ ಬಾಗಿಲಿನ ಒಳಗಿನ ಜಾಗದ ಜೊತೆಗೆ ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟು, ಮೊಗಸಾಲೆ, ಕೆಲವು ಕಡೆ ಕ್ಲಬ್‌ಹೌಸ್, ಇವುಗಳಲ್ಲಿ ನಿಮ್ಮ ಪಾಲೆಂದು ಬಿಲ್ಡರ್ ಲೆಕ್ಕ ಹಾಕಿದ್ದೆಲ್ಲವೂ ಅದರಲ್ಲಿ ಸೇರಿರುತ್ತದೆ. ಏನೇನನ್ನು ಸೇರಿಸಬೇಕೆಂದು 2016ರ ರೇರಾ ಕಾಯ್ದೆ ಹೇಳಿಲ್ಲ. ಅದು ವ್ಯಾಖ್ಯಾನಿಸಿರುವುದು ಕಾರ್ಪೆಟ್ ಏರಿಯಾವನ್ನು ಮಾತ್ರ. ಆದ್ದರಿಂದ ಇಬ್ಬರು ಬಿಲ್ಡರ್‌ಗಳ ಎಸ್‌ಬಿಎಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಬೇರೆ ಬೇರೆ ಸೇರಿನಲ್ಲಿ ಅಳೆದ ಅಕ್ಕಿಯನ್ನು ಹೋಲಿಸಿದಂತಾಗುತ್ತದೆ.

ದಯವಿಟ್ಟು ಒಟ್ಟು ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿ ನೋಡಿ. ಮೊದಲ ಫ್ಲ್ಯಾಟಿಗೆ 1350ನ್ನು 6,800ರಿಂದ ಗುಣಿಸಿದರೆ ₹91,80,000 ಆಗುತ್ತದೆ, ಅದನ್ನು 918ರಿಂದ ಭಾಗಿಸಿದರೆ ಒಳಗಿನ ಒಂದು ಚದರಡಿಗೆ ಸರಿಯಾಗಿ ₹10,000 ಬೀಳುತ್ತದೆ. ಎರಡನೆಯದಕ್ಕೆ ಒಟ್ಟು ₹90,00,000, ಅದನ್ನು 925ರಿಂದ ಭಾಗಿಸಿದರೆ ಸುಮಾರು ₹9,730. ದರ ಹೆಚ್ಚು ಕಾಣಿಸುವ ಮನೆಯೇ ಒಳಗೆ 7 ಚದರಡಿ ದೊಡ್ಡದಾಗಿದ್ದು, ಒಟ್ಟಿನಲ್ಲಿ ₹1,80,000 ಕಡಿಮೆಗೆ ಸಿಗುತ್ತಿದೆ.

ಸ್ವಂತ ಮನೆ ಕಟ್ಟಿಸಿದವರು

ಕಾರ್ಪೆಟ್ ಎಂದರೆ ಹೆಸರೇ ಹೇಳುವಂತೆ ಜಮಖಾನೆ ಹಾಸಬಹುದಾದ ನೆಲ. ಟೇಪು ಹಿಡಿದು ಪ್ರತಿ ಕೋಣೆಯ ಉದ್ದ ಅಗಲಗಳನ್ನು ಗೋಡೆಯಿಂದ ಗೋಡೆಗೆ ಅಳೆದು ಕೂಡಿಸಿ. ಮೊತ್ತ 918 ಬರದಿದ್ದರೆ ಬಿಲ್ಡರ್ ಮೋಸ ಮಾಡಿದ್ದಾನೆಂದೇ ತಿಳಿಯಿರಿ.

ಮೌಲ್ಯಮಾಪನದ ಕೆಲಸದಲ್ಲಿರುವವರು

ಅಳೆಯಿರಿ ಎಂಬ ಸಲಹೆ ಸರಿಯಾಗಿದೆ, ಸರ್, ಆದರೆ ತೀರ್ಮಾನ ಸರಿಯಲ್ಲ. ನೀವು ಹೇಳಿದ್ದು ಹಳೆಯ ರೂಢಿಯ ಅರ್ಥ. ಕಾಯ್ದೆಯ ಪ್ರಕಾರ ಹೊರಗೋಡೆ, ಪೈಪುಗಳು ಹಾದುಹೋಗುವ ಶಾಫ್ಟು, ಬಾಲ್ಕನಿ ಮತ್ತು ತೆರೆದ ತಾರಸಿ ಕಾರ್ಪೆಟ್ ಲೆಕ್ಕದಿಂದ ಹೊರಗುಳಿಯುತ್ತವೆ, ಆದರೆ ಮನೆಯೊಳಗಿನ ಅಡ್ಡಗೋಡೆಗಳು ನಿಂತ ಜಾಗ ಒಳಗೇ ಸೇರುತ್ತದೆ. ನಾಲ್ಕು ಇಂಚಿನ ಬ್ಲಾಕ್ ಗೋಡೆಗೆ ಎರಡೂ ಕಡೆ ಅರ್ಧರ್ಧ ಇಂಚು ಗಾರೆ ಸೇರಿ ಐದು ಇಂಚಾಗುತ್ತದೆ. ಅಂಥ ಗೋಡೆಗಳ ಒಟ್ಟು ಉದ್ದ 80 ಅಡಿ ಇದ್ದರೆ ಅವೇ ಸುಮಾರು 33 ಚದರಡಿ ತೆಗೆದುಕೊಳ್ಳುತ್ತವೆ. ಹಾಗಾಗಿ ಟೇಪಿನ ಮೊತ್ತ 885ರ ಆಸುಪಾಸು ಬಂದರೆ ಗಾಬರಿಯಾಗಬೇಕಿಲ್ಲ. 840 ಬಂದರೆ ಮಾತ್ರ ಉಳಿದದ್ದು ಎಲ್ಲಿ ಹೋಯಿತೆಂದು ನಕ್ಷೆ ಹರಡಿಕೊಂಡು ಕೇಳಲೇಬೇಕು. ಹೆಚ್ಚಿನ ಸಲ ಬಾಲ್ಕನಿಯನ್ನು ಸದ್ದಿಲ್ಲದೆ ಕಾರ್ಪೆಟ್‌ಗೆ ಸೇರಿಸಿರುವುದು ಅಲ್ಲಿ ಬಯಲಾಗುತ್ತದೆ.

ಬಾಡಿಗೆ ಮನೆಯಲ್ಲಿರುವವರು

ಬಾಡಿಗೆಗೆ ಹೋಗುವವರು ಇಷ್ಟೊಂದು ಲೆಕ್ಕ ಹಾಕುವ ಅಗತ್ಯವಿಲ್ಲ ಎಂದು ನನ್ನ ಅನಿಸಿಕೆ. ಬಿಎಚ್‌ಕೆಯಲ್ಲಿ ಎಷ್ಟು ಬೆಡ್‌ರೂಮು ಎಂಬುದಷ್ಟೇ ಮುಖ್ಯ.

ಹಳೆಯ ಫ್ಲ್ಯಾಟ್ ಕೊಂಡವರು

ಅವರು ಕೊಳ್ಳುವ ಮಾತಾಡುತ್ತಿದ್ದಾರೆ, ಸರ್. ಬಾಡಿಗೆಗೇ ಆದರೂ ಬಿಎಚ್‌ಕೆ ಕೋಣೆಗಳ ಎಣಿಕೆಯನ್ನು ಹೇಳುತ್ತದೆಯೇ ಹೊರತು ಅಳತೆಯನ್ನಲ್ಲ. ಬಚ್ಚಲುಮನೆ ಎಷ್ಟೆಂಬುದೂ ಅದರಲ್ಲಿ ತಿಳಿಯುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನಾವು ಕೊಂಡದ್ದು ರೇರಾ ಬರುವ ಮೊದಲೇ ಕಟ್ಟಿದ ಕಟ್ಟಡದ ಮನೆ. ಜಾಹೀರಾತಿನಲ್ಲಿ ಕಾರ್ಪೆಟ್ 1000 ಎಂದಿತ್ತು. ಮಾರುವವರನ್ನು ವಿಚಾರಿಸಿದಾಗ, 1250 ಎಸ್‌ಬಿಎಗೆ ಶೇಕಡಾ 80 ಹಿಡಿದು ತಾವೇ ಬರೆದುಕೊಂಡದ್ದೆಂದು ಒಪ್ಪಿಕೊಂಡರು. ಅಳೆದಾಗ ಒಳಗೋಡೆಗಳನ್ನು ಸೇರಿಸಿಯೂ 860 ದಾಟಲಿಲ್ಲ. ಅಷ್ಟರಲ್ಲಿ ಮುಂಗಡ ಕೊಟ್ಟಾಗಿತ್ತು, ಆ ಬೇಸರ ಇಂದಿಗೂ ಹೋಗಿಲ್ಲ. ಹೊಸ ಯೋಜನೆಯಾದರೆ ಬಿಲ್ಡರ್ ನೋಂದಣಿಯ ಹೊತ್ತಿನಲ್ಲಿ ಕಾರ್ಪೆಟ್ ಅಳತೆಯನ್ನು ಘೋಷಿಸಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿರುವ ವಿವರವನ್ನು ಜಾಹೀರಾತಿನೊಂದಿಗೆ ಹೋಲಿಸಿದ ಮೇಲೆಯೇ ಮುಂಗಡದ ಮಾತು ಆಡಿ.

ಸಿವಿಲ್ ಎಂಜಿನಿಯರ್ ಒಬ್ಬರು

ಕಾರ್ಪೆಟ್ ವಿಷಯದಲ್ಲಿ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎರಡನೆಯ ಫ್ಲ್ಯಾಟನ್ನು ಇಷ್ಟು ಬೇಗ ಅಗ್ಗವೆನ್ನಲು ನನಗೆ ಮನಸ್ಸು ಬರುತ್ತಿಲ್ಲ. ನನ್ನನ್ನು ತಡೆಯುತ್ತಿರುವುದು ಅದರ ಯುಡಿಎಸ್.

ನಮ್ಮ ಕಡತಗಳಲ್ಲಿ ಎಫ್‌ಎಆರ್ ಎಂದು ಬರೆಯುವುದನ್ನೇ ಮಹಾರಾಷ್ಟ್ರದಲ್ಲಿ ಎಫ್‌ಎಸ್‌ಐ ಎನ್ನುತ್ತಾರೆ. ಅದು ಫ್ಲ್ಯಾಟಿನ ಗುಣವಲ್ಲ, ನಿವೇಶನದ ಮಿತಿ. 20,000 ಚದರಡಿ ನೆಲದ ಮೇಲೆ 2.25 ಇದ್ದರೆ ಎಲ್ಲ ಮಹಡಿಗಳೂ ಸೇರಿ 45,000 ಚದರಡಿ ಕಟ್ಟಬಹುದು. ವಾಹನ ನಿಲ್ಲಿಸುವ ನೆಲಮಾಳಿಗೆಯಂಥ ಕೆಲವು ಜಾಗಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಯುಡಿಎಸ್ ಎಂದರೆ ಅದೇ ನೆಲದಲ್ಲಿ ನಿಮಗೆ ಬರುವ ಅವಿಭಜಿತ ಪಾಲು. ನೆಲವನ್ನು ಮನೆಗಳ ಅಳತೆಗೆ ತಕ್ಕಂತೆ ಪೂರ್ತಿಯಾಗಿ ಹಂಚಿದ್ದರೆ, ಯುಡಿಎಸ್ಸನ್ನು ಎಫ್‌ಎಸ್‌ಐನಿಂದ ಗುಣಿಸಿದಾಗ ಬರುವ ಅಂಕಿ ಹೆಚ್ಚುಕಡಿಮೆ ಕಾರ್ಪೆಟ್‌ಗೂ ಎಸ್‌ಬಿಎಗೂ ನಡುವೆ ಬೀಳಬೇಕು. ಇದು ಒರಟು ಲೆಕ್ಕವಾದರೂ ಕೆಲಸಕ್ಕೆ ಬರುತ್ತದೆ.

ಮೊದಲನೆಯದರಲ್ಲಿ 540ನ್ನು 2.25ರಿಂದ ಗುಣಿಸಿದರೆ 1215. ಇದು 918ಕ್ಕೂ 1350ಕ್ಕೂ ನಡುವೆಯೇ ಇದೆ. ಎರಡನೆಯದರಲ್ಲಿ 330ಕ್ಕೆ 742 ಮಾತ್ರ ಬರುತ್ತದೆ, ಅಂದರೆ ಕಾರ್ಪೆಟ್ ಆದ 925ಕ್ಕಿಂತಲೂ ಕಡಿಮೆ. ಬಿಲ್ಡರ್ ಟಿಡಿಆರ್, ಅಂದರೆ ಬೇರೆ ನೆಲದಿಂದ ವರ್ಗಾಯಿಸಿಕೊಳ್ಳುವ ಕಟ್ಟುವ ಹಕ್ಕನ್ನು ಕೊಂಡು, ಕಾನೂನಿನ ಒಳಗೇ, ಹೆಚ್ಚು ಕಟ್ಟಿರಬಹುದು. ಮುಂದೆ ಇನ್ನೊಂದು ಬ್ಲಾಕ್ ಎಬ್ಬಿಸಲು ನೆಲದ ಒಂದು ಭಾಗವನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡಿರಬಹುದು. ನಕ್ಷೆ ಮೀರಿ ಮಹಡಿ ಏರಿಸಿರುವುದೂ ಸಾಧ್ಯ. ಈ ಮೂರರಲ್ಲಿ ಯಾವುದೆಂದು ಜಾಹೀರಾತು ಹೇಳುವುದಿಲ್ಲ, ಮಂಜೂರಾದ ನಕ್ಷೆ ಹೇಳುತ್ತದೆ.

ಕೇಳಿದವರು

ತುಂಬಾ ಧನ್ಯವಾದಗಳು. ಇಂದು ಎರಡನೆಯ ಬಿಲ್ಡರ್ ಕಚೇರಿಗೆ ಹೋಗಿ ಯುಡಿಎಸ್ ಬಗ್ಗೆ ಕೇಳಿದೆವು. ಹಿಂದಿನ ಖಾಲಿ ಜಾಗದಲ್ಲಿ ಎರಡನೇ ಹಂತ ಬರಲಿದೆ, ಅದಕ್ಕಾಗಿ ಪಾಲು ಕಡಿಮೆ ಎಂದರು. ಅಲ್ಲಿ ಉದ್ಯಾನ ಬರುತ್ತದೆಂದು ಮೊದಲ ದಿನ ತೋರಿಸಿದ್ದರು. ಇನ್ನೊಂದು ಅನುಮಾನವಿದೆ: ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯ 38 ಚದರಡಿಯನ್ನು ಅವರು ಕಾರ್ಪೆಟ್‌ಗೆ ಸೇರಿಸಿದ್ದಾರೆ. ಇದು ಸರಿಯೇ?

ಮೌಲ್ಯಮಾಪನದ ಕೆಲಸದಲ್ಲಿರುವವರು

ಮೂರು ಕಡೆ ಗೋಡೆಯಿದ್ದು ಒಂದು ಕಡೆ ಗ್ರಿಲ್ ಮಾತ್ರ ಇದ್ದರೆ ನಾನು ಅದನ್ನು ಬಾಲ್ಕನಿಯೆಂದೇ ಹಿಡಿಯುತ್ತೇನೆ. ಆ 38ನ್ನು ಕಳೆದರೆ ಕಾರ್ಪೆಟ್ 887ಕ್ಕೆ ಇಳಿದು, ದರ ಚದರಡಿಗೆ ₹10,147 ಆಗುತ್ತದೆ, ಅಂದರೆ ಮೊದಲನೆಯದಕ್ಕಿಂತ ದುಬಾರಿ. ಆದರೆ ಮೊದಲ ಫ್ಲ್ಯಾಟಿನ ಯುಟಿಲಿಟಿಯನ್ನೂ ಹೀಗೆಯೇ ಸೇರಿಸಿದ್ದಾರೆಯೇ ಎಂದು ನೋಡದೆ ಈ ಹೋಲಿಕೆ ನಿಲ್ಲುವುದಿಲ್ಲ.

ಸಿವಿಲ್ ಎಂಜಿನಿಯರ್ ಒಬ್ಬರು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಯುಟಿಲಿಟಿಗೆ ಕಿಟಕಿ ಮತ್ತು ಪೂರ್ತಿ ಎತ್ತರದ ಹೊರಗೋಡೆ ನಕ್ಷೆಯಲ್ಲೇ ಇದ್ದರೆ ಅದು ಅಡುಗೆಮನೆಯ ಭಾಗ, ಕಾರ್ಪೆಟ್‌ಗೆ ಸೇರಿಸುವುದು ತಪ್ಪಲ್ಲ. ನಕ್ಷೆಯಲ್ಲಿ ತೆರೆದಿದ್ದು ಆಮೇಲೆ ಮುಚ್ಚಿದ್ದರೆ ಮಾತ್ರ ಒಪ್ಪಲಾರೆ. ಕ್ರಯಪತ್ರದ ಕರಡನ್ನು ಈಗಲೇ ಕೇಳಿ ಪಡೆಯಿರಿ. ಅದರ ಶೆಡ್ಯೂಲ್ ಎ ಭಾಗದಲ್ಲಿ ಸಾಮಾನ್ಯವಾಗಿ ಇಡೀ ನೆಲದ ವಿವರ ಇರುತ್ತದೆ, ಬಿ ಭಾಗದಲ್ಲಿ ನಿಮ್ಮ ಪಾಲು. ಎರಡನೇ ಹಂತದ ಜಾಗವೂ ಎ ಒಳಗೇ ಇದೆಯೇ ಅಥವಾ ಅದನ್ನು ಹೊರಗಿಟ್ಟು ಬರೆದಿದ್ದಾರೆಯೇ ಎಂಬುದನ್ನು ವಕೀಲರಿಂದ ಓದಿಸಿ.