ಮೈಲೇಜ್ 10% ಲೆಕ್ಕದಲ್ಲೇ ಏರಿಸಿದೆ, ಆದರೂ ಕಾಲು ನೋವು. ಬೇಸ್ ಇನ್ನೂ ಎಷ್ಟು ವಾರ?

ಕೆರೆದಂಡೆ (ಮೈಸೂರು)

ವಯಸ್ಸು 34. ಓಡಲು ಶುರು ಮಾಡಿ ಆರು ತಿಂಗಳಾಯಿತು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ 10ಕೆ ಓಡಬೇಕೆಂದಿದ್ದೇನೆ. ಅದಕ್ಕೆ ಅಕ್ಟೋಬರ್‌ನಲ್ಲೇ ಬೇಸ್, ಅಂದರೆ ನಿಧಾನ ಓಟದಿಂದ ದಮ್ಮಿನ ಅಡಿಪಾಯ, ಕಟ್ಟಲು ಹೊರಟೆ. ಈಗ ನವೆಂಬರ್ ಕೊನೆ. ಮೈಲೇಜನ್ನು ಪ್ರತಿ ವಾರ ಸುಮಾರು 10% ಏರಿಸಿದ್ದು ಹೀಗೆ:

ವಾರಕ್ಕೆ 20, 22, 24, 27, 30, 33, 36 ಕಿ.ಮೀ. ನಾಲ್ಕು ದಿನ ಓಟ. ಕೊನೆಯ ಎರಡು ವಾರ ಬುಧವಾರ ಇಂಟರ್ವಲ್ ಅಂತ 400 ಮೀಟರ್ ಆರು ಸಲ ಜೋರಾಗಿ ಓಡಿದೆ.

ಈಗ ಎಡಗಾಲಿನ ಕೆಳಭಾಗದಲ್ಲಿ, ಒಳಬದಿಯ ಮೂಳೆಯ ಉದ್ದಕ್ಕೂ ನೋವು. ಓಡಲು ಶುರು ಮಾಡಿದಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಕಡಿಮೆ. ಇನ್ನೊಂದು ತೊಂದರೆ: ನಿಧಾನವಾಗಿ, ಕಿ.ಮೀ.ಗೆ 7 ನಿಮಿಷದಲ್ಲಿ ಓಡಿದರೂ ಕೈಗಡಿಯಾರ ಹಾರ್ಟ್ ರೇಟ್ 160 ತೋರಿಸುತ್ತದೆ. ಏಳು ವಾರ ಕಳೆದರೂ ಅದು ಇಳಿದಿಲ್ಲ. ಬೇಸ್ ಎಂದರೆ ಎಷ್ಟು ವಾರ? ಇಂಟರ್ವಲ್ ಯಾವಾಗ ಸೇರಿಸಬಹುದು?

ನಿಧಾನವೇ ಪ್ರಧಾನ

160 ಅಂದ್ರೆ ನೀವು ಬೇಸ್ ಮಾಡುತ್ತಲೇ ಇಲ್ಲ. 180ರಲ್ಲಿ ವಯಸ್ಸು ಕಳೆಯಿರಿ, 146 ಬರುತ್ತದೆ. ಅದನ್ನು ಒಂದು ಬಡಿತವೂ ದಾಟಬಾರದು. ದಾಟಿದರೆ ನಡೆಯಿರಿ. ಆರು ತಿಂಗಳು ಹೀಗೇ ಮಾಡಿ, ಇಂಟರ್ವಲ್ ಹೆಸರೇ ಎತ್ತಬೇಡಿ. ನಾನು ಹಾಗೇ ಮಾಡಿದೆ, ಕಿ.ಮೀ.ಗೆ 7:40ರಿಂದ 6:20ಕ್ಕೆ ಬಂದೆ.

ಬಾಣದ ವೇಗ

400ರ ಬದಲು 200 ಮೀಟರ್ ಓಡಿ ಸರ್, 12 ಸಲ. ನಡುವೆ 200 ನಡಿಗೆ. ಶೂ ಹಗುರ ಇರಲಿ. 10ಕೆ ಟೈಮಿಂಗ್ ಖಂಡಿತ ಇಳಿಯುತ್ತೆ.

ಕೆರೆದಂಡೆ

ಸರ್, ಯಾವ ಇಂಟರ್ವಲ್ ಅಂತ ನಾನು ಕೇಳಿದ್ದಲ್ಲ, ಯಾವಾಗ ಅಂತ. ಸದ್ಯಕ್ಕೆ ಜೋರು ಓಟ ನಿಲ್ಲಿಸಿದ್ದೇನೆ.

ಹಳೇ ಟ್ರ್ಯಾಕ್ (ಧಾರವಾಡ)

ಉತ್ತರ ಹೇಳುವ ಮೊದಲು ಮೂರು ವಿಷಯ ಬೇಕು.

ಒಂದು, ಭಾನುವಾರದ ಉದ್ದ ಓಟ ಪ್ರತಿ ವಾರ ಎಷ್ಟೆಷ್ಟು ಇತ್ತು? ಬರೀ ವಾರದ ಮೊತ್ತ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎರಡು, ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಆ ಮೂಳೆಯನ್ನು ಪಾದದ ಗಂಟಿನಿಂದ ಮೇಲಕ್ಕೆ, ಬೆರಳಗಲ ಬೆರಳಗಲವಾಗಿ ಒತ್ತುತ್ತಾ ಹೋಗಿ. ನೋವು ಅಂಗೈಯಷ್ಟು ಉದ್ದಕ್ಕೆ ಹರಡಿದೆಯಾ, ಇಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚುತ್ತದೆಯಾ? ಆ ಒಂದೇ ಕಾಲಲ್ಲಿ ನಾಲ್ಕು ಸಲ ಕುಪ್ಪಳಿಸಿ ನೋಡಿ. ರಾತ್ರಿ ಮಲಗಿದಾಗ ನೋಯುತ್ತಾ, ಅದನ್ನೂ ಹೇಳಿ.

ಮೂರು, ಓಡುವಾಗ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಗಡಿಯಾರ ತೋರಿಸುತ್ತದೆ?

ಕೆರೆದಂಡೆ

ಭಾನುವಾರ: 8, 9, 10, 12, 14, 16, 18.

ನೋವು ಅಂಗೈಯಷ್ಟು ಹರಡಿದೆ. ಒಂದೇ ಚುಕ್ಕೆ ಅಂತ ಇಲ್ಲ. ಕುಪ್ಪಳಿಸಿದರೆ ಸ್ವಲ್ಪ ಬಿಗಿ, ಆದರೆ ಚುಚ್ಚುವುದಿಲ್ಲ. ರಾತ್ರಿ ಏನೂ ಇಲ್ಲ. ಹೆಜ್ಜೆ 158ರಿಂದ 162.

ಹಳೇ ಟ್ರ್ಯಾಕ್

ಹೆಜ್ಜೆ 160, ಹಾರ್ಟ್ ರೇಟೂ 160. ನನ್ನ ಅನುಮಾನ ಇದೇ ಆಗಿತ್ತು. ಮಣಿಕಟ್ಟಿನ ಗಡಿಯಾರ ಚರ್ಮದೊಳಗೆ ಬೆಳಕು ಬಿಟ್ಟು ನಾಡಿ ಓದುತ್ತದೆ. ಪಟ್ಟಿ ಸಡಿಲವಾಗಿದ್ದರೆ ನಾಡಿಯ ಬದಲು ಕೈ ಅಲುಗಾಟವನ್ನೇ ಎಣಿಸಿಬಿಡುತ್ತದೆ. ನಾಳೆ ಹೀಗೆ ಮಾಡಿ. 20 ನಿಮಿಷ ಆರಾಮಾಗಿ ಓಡಿ, ತಟ್ಟನೆ ನಿಂತು, ಕತ್ತಿನ ನಾಡಿಯನ್ನು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿ. ನಿಂತ ಕೂಡಲೇ ಎಣಿಸಬೇಕು. ತಡ ಮಾಡಿದರೆ ಬಡಿತ ಇಳಿದುಬಿಡುತ್ತದೆ.

ಇನ್ನು ಮೈಲೇಜ್. ನೀವು 10% ನಿಯಮ ಹೆಚ್ಚುಕಡಿಮೆ ಪಾಲಿಸಿದ್ದು ನಿಜ. ಆದರೆ ಏರಿದ 16 ಕಿ.ಮೀ.ನಲ್ಲಿ 10 ಕಿ.ಮೀ. ಒಂದೇ ಭಾನುವಾರದ ಮೇಲೆ ಹೇರಿದ್ದೀರಿ. ವಾರದ ಓಟ ಒಂದು ಮುಕ್ಕಾಲು ಪಟ್ಟು ಆದರೆ, ಭಾನುವಾರದ್ದು ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಕೊನೆಯ ವಾರ ಅರ್ಧ ಓಟ ಒಂದೇ ದಿನ. ಕಾಲಿಗೆ ವಾರದ ಸರಾಸರಿ ಗೊತ್ತಾಗುವುದಿಲ್ಲ, ಆ ಒಂದು ಬೆಳಗ್ಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದು ಗೊತ್ತಾಗುತ್ತದೆ. ಉದ್ದ ಓಟ ವಾರದ ಮೊತ್ತದ ಮೂರರಲ್ಲಿ ಒಂದು ಪಾಲು ದಾಟಬಾರದು ಅಂತ ನಾನು ಹುಡುಗರಿಗೆ ಹೇಳುತ್ತೇನೆ.

ಎರಡನೇ ತಪ್ಪು, ಏಳು ವಾರ ಒಂದೂ ನಿಲ್ದಾಣ ಇಲ್ಲದೆ ಏರಿಸಿದ್ದು. ಹೃದಯ, ರಕ್ತ, ಉಸಿರು ಬೇಗ ಹೊಂದಿಕೊಳ್ಳುತ್ತವೆ. ಕೆಲವೇ ವಾರಕ್ಕೆ 'ಇನ್ನೂ ಓಡಬಹುದು' ಅನಿಸುತ್ತದೆ. ಮೂಳೆಯ ಕಥೆ ಬೇರೆ. ಹೊಸ ಭಾರ ಬಿದ್ದಾಗ ದೇಹ ಮೊದಲು ದಣಿದ ಮೂಳೆಯನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೆರೆಯುವುದು ಕೆಲವು ವಾರಗಳ ಕೆಲಸ, ತುಂಬಿ ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ ಇರುತ್ತದೆ. ನೀವು ಇಂಟರ್ವಲ್ ಸೇರಿಸಿದ್ದು ಸರಿಯಾಗಿ ಆ ಹೊತ್ತಿಗೇ.

ಹುಬ್ಬಳ್ಳಿ ಪೆಡಲ್

ಇದು ನನ್ನದೇ ಕಥೆರೀ. ಹತ್ತು ವರ್ಷ ಸೈಕಲ್ ಹೊಡೆದವನು. ಉಸಿರಿಗೆ ಏನೂ ಕೊರತೆ ಇರಲಿಲ್ಲ. ಓಟ ಶುರು ಮಾಡಿದ ಎರಡನೇ ವಾರವೇ 40 ಕಿ.ಮೀ. ಓಡಿದೆ, ಭಾಳ ಸಲೀಸು ಅನಿಸಿತು. ಐದನೇ ವಾರ ಪಾದದ ಮೂಳೆಯಲ್ಲಿ ಸಣ್ಣ ಬಿರುಕು. ಮೊದಲ ಎಕ್ಸ್‌ರೇನಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು. ಎಂಟು ವಾರ ಮನೆಯಲ್ಲಿ. ಎಕ್ಸ್‌ರೇ ಚೆನ್ನಾಗಿದೆ ಅಂತ ನಡುವೆ ಒಮ್ಮೆ ಓಡಿಬಿಟ್ಟಿದ್ದೆ, ಅದೇ ದೊಡ್ಡ ತಪ್ಪು. ಚುಕ್ಕೆಯಷ್ಟು ಜಾಗದಲ್ಲಿ ನೋವಿದ್ದರೆ ದಯವಿಟ್ಟು ಡಾಕ್ಟರ್ ನೋಡಿ.

ಕೆರೆದಂಡೆ

ಎಣಿಸಿದೆ! 10 ಸೆಕೆಂಡಿಗೆ 24. ಅಂದ್ರೆ 144. ಅದೇ ಹೊತ್ತಿಗೆ ಗಡಿಯಾರ 161 ತೋರಿಸುತ್ತಿತ್ತು. ಪಟ್ಟಿಯನ್ನು ಎರಡು ಬೆರಳು ಮೇಲೆ ಸರಿಸಿ ಬಿಗಿಯಾಗಿ ಕಟ್ಟಿದ ಮೇಲೆ 146, 147 ಬಂತು. ಮಧ್ಯೆ ಎರಡು ಓಟ 'ನಿಧಾನವೇ ಪ್ರಧಾನ' ಅವರ ಮಾತು ಕೇಳಿ ಬರೀ ನಡೆದು ಮುಗಿಸಿದ್ದೆ. ಬೇಜಾರಾಗಿತ್ತು.

ನಿಧಾನವೇ ಪ್ರಧಾನ

ಗಡಿಯಾರ ತಪ್ಪಿರಬಹುದು ಅಂತ ನನಗೆ ಹೊಳೆಯಲಿಲ್ಲ, ಕ್ಷಮಿಸಿ. ಆದರೂ 146ರ ಗೆರೆ ಬಿಡಬೇಡಿ.

ಹಳೇ ಟ್ರ್ಯಾಕ್

ನಿಧಾನ ಇರಬೇಕು ಅನ್ನುವುದು ಸರಿ. ಆದರೆ 180ರ ಲೆಕ್ಕ ಬರೀ ಅಂದಾಜು. 34 ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 20ರಷ್ಟು ವ್ಯತ್ಯಾಸ ಇರಬಹುದು. ಅದಕ್ಕೆ ನಾನು ಮಾತಿನ ಪರೀಕ್ಷೆಯನ್ನೇ ನಂಬುತ್ತೇನೆ. ಓಡುತ್ತಲೇ ನಿಮ್ಮ ಮನೆ ವಿಳಾಸವನ್ನು ಡೋರ್ ನಂಬರಿನಿಂದ ಪಿನ್ ಕೋಡ್‌ವರೆಗೆ ಜೋರಾಗಿ ಹೇಳಿ. ಮಧ್ಯೆ ಉಸಿರಿಗೆ ತಡವರಿಸಿದರೆ ವೇಗ ಜಾಸ್ತಿಯಾಗಿದೆ.

ಇನ್ನು ಯೋಜನೆ. ನೋವು ಹರಡಿದ್ದು, ರಾತ್ರಿ ಇಲ್ಲ, ಕುಪ್ಪಳಿಸಿದರೆ ಚುಚ್ಚುವುದಿಲ್ಲ. ಸ್ನಾಯು ಮೂಳೆಗೆ ಅಂಟುವ ಜಾಗದ ಉರಿ ಇದ್ದ ಹಾಗಿದೆ. ಒಂದು ವಾರ ಓಟ ಬಿಟ್ಟು ನಡೆಯಿರಿ. ಜೋರು ನಡಿಗೆಯಲ್ಲಿ ನೋವಿಲ್ಲ ಅನಿಸಿದ ಮೇಲೆ, ಡಿಸೆಂಬರ್ ಮೊದಲಲ್ಲಿ, 24 ಕಿ.ಮೀ.ಗೆ ವಾಪಸ್ ಬನ್ನಿ. ನಾಲ್ಕು ದಿನದ ಬದಲು ಐದು ದಿನ: ನಾಲ್ಕು ದಿನ 4, ಭಾನುವಾರ 8. ಹೀಗೇ ಮೂರು ವಾರ, ಒಂದು ಕಿ.ಮೀ.ಯನ್ನೂ ಏರಿಸಬೇಡಿ. ಆಮೇಲೆ ಪ್ರತಿ ಓಟಕ್ಕೂ ಒಂದೊಂದು ಕಿ.ಮೀ. ಸೇರಿಸಿ: ನಾಲ್ಕು ದಿನ 5, ಭಾನುವಾರ 9, ಒಟ್ಟು 29. ಮತ್ತೆ ಮೂರು ವಾರ. ನಂತರ 6 ಮತ್ತು 10, ಒಟ್ಟು 34, ಮೂರು ವಾರ. ಆಮೇಲೆ ಮೂರು ವಾರ 39.

24ರಿಂದ 29 ಅಂದ್ರೆ 20% ಜಿಗಿತ. 10% ನಿಯಮದವರು ಬೆಚ್ಚಿಬೀಳಬಹುದು. ಆದರೆ ಮೂರು ವಾರ ಒಂದೇ ಕಡೆ ನಿಂತು, ಐದು ಓಟಕ್ಕೂ ಸಮನಾಗಿ ಹಂಚಿ ಏರುವ 20%, ಪ್ರತಿ ವಾರ ಬಿಡದೆ ಏರುವ 10%ಗಿಂತ ನನ್ನ ಅನುಭವದಲ್ಲಿ ಕಾಲಿಗೆ ಹಗುರ.

ಒಟ್ಟು 12 ವಾರ, ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಇಂಟರ್ವಲ್‌ಗೆ ಎಂಟು ವಾರ ಉಳಿಯುತ್ತದೆ, 10ಕೆಗೆ ಸಾಕು.

ಕಡಲತಡಿ (ಮಂಗಳೂರು)

ಬೇಸ್ ಮುಗಿಯಿತು ಅಂತ ಕ್ಯಾಲೆಂಡರ್ ನೋಡಿ ಹೇಳುವುದಕ್ಕೆ ಆಗುತ್ತಾ ಸರ್? ನಾನು ಒಂದು ಗಂಟೆ ಒಂದೇ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಓಡಿ, ಮೊದಲ ಅರ್ಧ ಗಂಟೆಯ ಸರಾಸರಿ ಬಡಿತವನ್ನೂ ಎರಡನೇ ಅರ್ಧದ್ದನ್ನೂ ಹೋಲಿಸುತ್ತೇನೆ. 5% ಒಳಗೆ ಏರಿದರೆ ಬೇಸ್ ಕೂತಿದೆ ಅಂತ ಲೆಕ್ಕ. ತೊಂದರೆ ಏನೆಂದರೆ ಇಲ್ಲಿ ಮಾರ್ಚ್ ಬಂದರೆ ಸೆಖೆ. ಜನವರಿಯಲ್ಲಿ 138ರಿಂದ 142ಕ್ಕೆ ಏರುತ್ತಿದ್ದದ್ದು, ಮಾರ್ಚ್‌ನಲ್ಲಿ ಅದೇ ವೇಗಕ್ಕೆ 140ರಿಂದ 153. ಬೇಸ್ ಹೋಯಿತೇ ಅಂತ ಹೆದರಿದ್ದೆ.

ಹಳೇ ಟ್ರ್ಯಾಕ್

ಬೇಸ್ ಹೋಗಿಲ್ಲ ಮೇಡಂ, ಬೆವರಿಳಿಸಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹೋಗುತ್ತದೆ, ಹೃದಯ ಜಾಸ್ತಿ ಬಡಿಯಬೇಕಾಗುತ್ತದೆ. ಒಂದೇ ಹೊತ್ತು, ಒಂದೇ ತರಹದ ಹವೆ ಇದ್ದಾಗ ಮಾತ್ರ ಹೋಲಿಸಿ. ನಿಮ್ಮ ಪರೀಕ್ಷೆ ಒಳ್ಳೆಯದು, ಮೈಸೂರಿನವರಿಗೂ ಅದನ್ನೇ ಹೇಳುತ್ತೇನೆ. 12 ವಾರ ಆದಮೇಲೂ ಏರಿಕೆ 5% ದಾಟಿದರೆ ಇನ್ನೂ ಮೂರು ವಾರ 39ರಲ್ಲೇ ಇರಿ. ಇಂಟರ್ವಲ್‌ಗೆ ಐದೇ ವಾರ ಸಿಕ್ಕರೂ ನಷ್ಟವಿಲ್ಲ.

ಏಳನೇ ವಾರದಿಂದ, ಕಾಲು ಸರಿ ಇದ್ದರೆ ಮಾತ್ರ, ವಾರಕ್ಕೆ ಎರಡು ಸಲ, ಆರಾಮದ ಓಟದ ಕೊನೆಗೆ ಸ್ಟ್ರೈಡ್ಸ್, ಅಂದರೆ 20 ಸೆಕೆಂಡಿನ ಹಗುರವಾದ ಚುರುಕು ಓಟ, ನಾಲ್ಕು ಹಾಕಿ. ನಡುವೆ ಉಸಿರು ಪೂರ್ತಿ ಇಳಿಯುವವರೆಗೆ ನಡೆಯಿರಿ.

ನಿಧಾನವೇ ಪ್ರಧಾನ

ಅದೂ ವೇಗದ ಓಟವೇ ಅಲ್ವಾ? ಬೇಸ್ ಕೆಡುವುದಿಲ್ಲವೇ?

ಹಳೇ ಟ್ರ್ಯಾಕ್

20 ಸೆಕೆಂಡಿನಲ್ಲಿ ಕಾಲು ಉರಿಯುವಷ್ಟು ದಣಿವು ಬರುವುದಿಲ್ಲ. ಇನ್ನೊಂದು ಮಾತು. ಬೇಸ್ ಪದ್ಧತಿಯನ್ನು ಜಗತ್ತಿಗೆ ತೋರಿಸಿದ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತಮ್ಮ ಹುಡುಗರನ್ನು ವಾರಕ್ಕೆ 160 ಕಿ.ಮೀ. ಓಡಿಸುತ್ತಿದ್ದರು. 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ನನ್ನೂ ಬಿಡಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆತ ಚಿನ್ನ ಗೆದ್ದ. ಆ ಓಟಗಳೆಲ್ಲ ಜಾಗಿಂಗ್ ಆಗಿರಲಿಲ್ಲ, ಎಷ್ಟೋ ಓಟ ಚುರುಕಾಗಿಯೇ ಇದ್ದವು. ಹಾಗಂತ ಆರು ತಿಂಗಳ ಓಟಗಾರ ಅದನ್ನು ನಕಲು ಮಾಡಬಾರದು.

ನಿಧಾನವೇ ಪ್ರಧಾನ

ನಾನು ಒಪ್ಪುವುದಿಲ್ಲ. ಹೊಸಬರು 20 ಸೆಕೆಂಡ್ ಅಂತ ಶುರು ಮಾಡಿ ರೇಸ್ ಓಡಿಬಿಡುತ್ತಾರೆ.

ಕೆರೆದಂಡೆ

ಐದನೇ ವಾರದ ವರದಿ. ಈಗ 29ರಲ್ಲಿ ಎರಡನೇ ವಾರ. ಹೆಬ್ಬೆರಳಿನಿಂದ ಒತ್ತಿದರೆ ಮೂಳೆಯಲ್ಲಿ ಇನ್ನೂ ಸ್ವಲ್ಪ ಎಳೆತ ಇದೆ, ಓಡುವಾಗ ಇಲ್ಲ. ವಿಳಾಸ ಪೂರ್ತಿ ಹೇಳಲು ಆಗುತ್ತಿದೆ. ಅದೇ 144ಕ್ಕೆ ಈಗ 6:50. ಸ್ಟ್ರೈಡ್ಸ್ ಏಳನೇ ವಾರಕ್ಕೇ ಹಾಕಲೋ, ಆ ಎಳೆತ ಪೂರ್ತಿ ಹೋಗಲಿ ಅಂತ ಕಾಯಲೋ?

ಹಳೇ ಟ್ರ್ಯಾಕ್

ಕಾಯಿರಿ. ಒತ್ತಿದಾಗ ಎರಡು ಕಾಲೂ ಒಂದೇ ತರ ಅನಿಸಿದ ಮೇಲೂ ಒಂದು ವಾರ ಬಿಡಿ. 34ಕ್ಕೆ ಏರುವುದನ್ನೂ ಅಲ್ಲಿಯವರೆಗೆ ಮುಂದಕ್ಕೆ ಹಾಕಿ.