ಅಪ್‌ಡೇಟ್: ಅಪ್ಪನ ವಾರದ ಮಾತ್ರೆಗೆ ಗೋಡೆ ಕ್ಯಾಲೆಂಡರೇ ಸರಿಹೋಯ್ತು

ನಾನು ಕೇಳಿದ್ದು: "ಅಪ್ಪನಿಗೆ ಭಾನುವಾರಕ್ಕೊಂದರಂತೆ 8 ವಾರ ವಿಟಮಿನ್ ಡಿ ಮಾತ್ರೆ ಕೊಟ್ಟಿದ್ದಾರೆ. ಫೋನ್ ಅಲಾರಂ ಅವರಿಗೆ ನಂಬಿಕೆಯಿಲ್ಲ. ಕಾಗದದಲ್ಲಿ ಏನಾದರೂ ದಾರಿ ಇದೆಯಾ?"

ಗೋಡೆ ಕ್ಯಾಲೆಂಡರ್ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಊಟದ ಮೇಜಿನ ಎದುರಿಗೆ ತೂಗುಹಾಕಿ, ಎಂಟೂ ಭಾನುವಾರಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆವು. ಮಾತ್ರೆ ನುಂಗಿದ ಮೇಲಷ್ಟೇ ಅಪ್ಪ ಪೆನ್ನಿನಲ್ಲಿ ಆ ಸುತ್ತನ್ನು ಹೊಡೆದುಹಾಕುತ್ತಾರೆ. ಒಂದು ವಿಷಯ ಗಮನಿಸಿ, ಎಂಟು ವಾರ ಒಂದೇ ಹಾಳೆಯಲ್ಲಿ ಮುಗಿಯುವುದಿಲ್ಲ. ಮುಂದಿನ ತಿಂಗಳುಗಳ ಹಾಳೆಯಲ್ಲೂ ಅವತ್ತೇ ಗುರುತು ಹಾಕಬೇಕು, ಕೊನೆಯ ಭಾನುವಾರದ ಪಕ್ಕ "ಮುಗಿಯಿತು" ಅಂತ ಬರೆಯಬೇಕು. ಇಲ್ಲದಿದ್ದರೆ ಮಾತ್ರೆ ಸುಮ್ನೆ ಮುಂದುವರಿಯುವ ಅಪಾಯ ಇದೆ.

ಕೆಲಸಗಳನ್ನು ಚಿಕ್ಕ ಗುರುತುಗಳ ಜೊತೆ ಪಟ್ಟಿ ಮಾಡುವ ನೋಟ್‌ಬುಕ್, ಅಂದರೆ ಬುಲೆಟ್ ಜರ್ನಲ್, ಅಪ್ಪನಿಗೆ ಒಗ್ಗಲಿಲ್ಲ. ಮುಚ್ಚಿಟ್ಟ ಪುಸ್ತಕ ಕಣ್ಣಿಗೆ ಬೀಳಲ್ಲ ಅಲ್ವಾ? ಆದರೆ ದಿನಾಂಕ ಗೊತ್ತಿಲ್ಲದ ಕೆಲಸಗಳಿಗೆ ನನಗೆ ಅದು ಇಷ್ಟವಾಯಿತು. ಚುಕ್ಕಿ ಅಂದರೆ ಕೆಲಸ, ಕತ್ತರಿ ಗುರುತು ಅಂದರೆ ಮುಗಿದದ್ದು. ಉಳಿದದ್ದನ್ನು ತಿಂಗಳ ಕೊನೆಗೆ ಕೈಯಾರೆ ಹೊಸ ಪುಟಕ್ಕೆ ಬರೆಯಬೇಕು. ಬರೆಯಲು ಬೇಜಾರಾದರೆ ಆ ಕೆಲಸ ಅಷ್ಟು ಬೇಕಿಲ್ಲ ಅಂತ ತಿಳಿಯುತ್ತದೆ.

ನಿರೀಕ್ಷಿಸದೇ ಇದ್ದದ್ದು ಇದು: ಅಲಾರಂ ಹೊತ್ತು ಹೇಳುತ್ತದೆ, ಮಾತ್ರೆ ತಗೊಂಡರೋ ಇಲ್ಲವೋ ಹೇಳುವುದಿಲ್ಲ. ಡಾಕ್ಟರ್ ಅದನ್ನೇ ಕೇಳಿದರು. ಕ್ಯಾಲೆಂಡರ್ ಫೋಟೋ ತೋರಿಸಿದೆವು. ಹಾಗಾಗಿ ಹಳೇ ತಿಂಗಳ ಹಾಳೆ ಹರಿಯಬೇಡಿ, ಹಿಂದಕ್ಕೆ ಮಡಚಿಡಿ.